ಕೊಟ್ಟ ಕೈಸಾಲ ನೆನಪಿಸುವುದು: ಭಾವನಿಗೆ ಬರೆದ ಒಂದು ಮೆಸೇಜಿನ ಲೆಕ್ಕ

ಬ್ಯಾಂಕಿನ ಸಾಲಕ್ಕೆ ವಾಯಿದೆ ಇರುತ್ತದೆ. ನೆಂಟರಿಗೆ ಕೊಟ್ಟ ಕೈಸಾಲಕ್ಕೆ ಹಬ್ಬ ಇರುತ್ತದೆ. ‘ಯುಗಾದಿಗೆ ಕೊಡ್ತೀನಿ’, ‘ಅಡಿಕೆ ಮಾರಿದ ಮೇಲೆ ಕೊಡ್ತೀನಿ’, ‘ಚೀಟಿ ಎತ್ತಿದ ತಕ್ಷಣ ನಿನ್ನದೇ ಮೊದಲು’. ಹಬ್ಬ ಬರುತ್ತದೆ, ಹೋಗುತ್ತದೆ. ಕೊಟ್ಟವರು ಬಾಯಿ ಬಿಡುವುದಿಲ್ಲ, ತಗೊಂಡವರೂ ಮಾತೆತ್ತುವುದಿಲ್ಲ. ಆಮೇಲೆ ಫೋನು ಕಡಿಮೆಯಾಗುತ್ತದೆ. ಮದುವೆ ಮನೆಯಲ್ಲಿ ಎದುರು ಸಿಕ್ಕರೆ ಇಬ್ಬರೂ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ನನ್ನದು ಅಕ್ಕನ ಗಂಡನಿಗೆ ಕೊಟ್ಟ ಸಾಲ. ಭಾವ ತಾಲ್ಲೂಕು ಊರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. 2023ರ ಜೂನ್‌ನಲ್ಲಿ ಅಂಗಡಿಯನ್ನು ಮುಖ್ಯರಸ್ತೆಗೆ ಬದಲಾಯಿಸಿದರು. ಅದರ ಅಡ್ವಾನ್ಸಿಗೆ 1,20,000 ರೂಪಾಯಿ ಕೇಳಿದರು, ಕೊಟ್ಟೆ. ಮುಂದಿನ ಯುಗಾದಿಗೆ ಮುಗಿಸುತ್ತೇನೆ ಎಂದಿದ್ದರು. 2024ರ ಏಪ್ರಿಲ್ 9ಕ್ಕೆ ಯುಗಾದಿ ಆಯಿತು. ಹಣ ಪೂರ್ತಿ ಬರಲಿಲ್ಲ. ‘ಕೊಟ್ಟ ಹೆಣ್ಣಿನ ಮನೇಲಿ ದುಡ್ಡು ಕೇಳ್ತಾರೇನೋ’ ಎಂದು ಅಮ್ಮ ತಡೆದರು. ಅವರ ಭಯ ನನಗೆ ಅರ್ಥವಾಗುತ್ತಿತ್ತು. ನಾನು ಕೇಳಿದ ಮಾತಿನ ಬಿಸಿ ಅಕ್ಕನಿಗೆ ತಟ್ಟಬಾರದು, ಅಷ್ಟೇ.

ಆ ಸಾಲ ಹೇಗೆ ವಾಪಸ್ ಬಂತು ಎಂಬುದನ್ನು ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಸಾಲ ಚಿಕ್ಕಪ್ಪನದ್ದೋ ತಂಗಿಯದ್ದೋ ಇರಬಹುದು, ಮೊತ್ತ ಬೇರೆ ಇರಬಹುದು. ಹೆಜ್ಜೆಗಳು ಮಾತ್ರ ಹೆಚ್ಚುಕಡಿಮೆ ಇವೇ.

ಮೊದಲ ಮೆಸೇಜು ಯಾಕೆ ಕೆಲಸ ಮಾಡಲಿಲ್ಲ

ಯುಗಾದಿ ಆಗಿ ಒಂದು ತಿಂಗಳಿಗೆ ನಾನು ಕಳಿಸಿದ ಮೆಸೇಜು ಇದು:

‘ಭಾವ ನಮಸ್ಕಾರ. ಹೇಗಿದ್ದೀರಿ? ಹೊಸ ಅಂಗಡಿ ವ್ಯಾಪಾರ ಚೆನ್ನಾಗಿದೆ ತಾನೆ? ತಪ್ಪು ತಿಳೀಬೇಡಿ, ನಮಗೂ ಸ್ವಲ್ಪ ಟೈಟ್ ಆಗಿದೆ. ಆ ವಿಷಯ ಸ್ವಲ್ಪ ನೋಡಿ. ಅರ್ಜೆಂಟ್ ಏನಿಲ್ಲ, ಅನುಕೂಲ ಆದಾಗ ಕೊಟ್ಟರೆ ಸಾಕು.’

ಭಾವನಿಂದ ಉತ್ತರ ಬಂತು: ‘ಆಯ್ತು, ನೋಡೋಣ.’ ಅಲ್ಲಿಗೆ ನಾಲ್ಕು ತಿಂಗಳು ಕಳೆಯಿತು.

ಆಗ ನನಗೆ ಭಾವನ ಮೇಲೆ ಬೇಜಾರಾಗಿತ್ತು. ಆಮೇಲೆ ಅದೇ ಮೆಸೇಜನ್ನು ಅವರ ಜಾಗದಲ್ಲಿ ಕೂತು ಓದಿದೆ. ಅದರಲ್ಲಿ ಸಾಲ ಎಂಬ ಮಾತೇ ಇಲ್ಲ, ‘ಆ ವಿಷಯ’ ಇದೆ. ಎಷ್ಟು ಹಣ ಎಂದಿಲ್ಲ. ಯಾವಾಗ ಬೇಕು ಎಂದಿಲ್ಲ. ಪ್ರಶ್ನೆ ಇರುವುದು ವ್ಯಾಪಾರದ ಬಗ್ಗೆ ಮಾತ್ರ. ಕೊನೆಯ ಸಾಲಿನಲ್ಲಂತೂ ಯುಗಾದಿಯ ವಾಯಿದೆಯನ್ನು ನಾನೇ ಕೈಯಾರೆ ಅಳಿಸಿ, ‘ಅನುಕೂಲ ಆದಾಗ’ ಎಂದು ಹೊಸ ವಾಯಿದೆ ಬರೆದುಕೊಟ್ಟಿದ್ದೆ. ಅವರು ಅದನ್ನು ಪಾಲಿಸಿದರು.

ನಮ್ಮ ಮನೆಗಳಲ್ಲಿ ಕೈಸಾಲ ವರ್ಷಗಟ್ಟಲೆ ನಿಲ್ಲಲು ದೊಡ್ಡ ಕಾರಣ ಇದೇ ಅಂತ ನನಗನಿಸುತ್ತದೆ. ತಗೊಂಡವರ ಮನಸ್ಸು ಕೆಟ್ಟದ್ದಿರುವುದಿಲ್ಲ. ಕೊಟ್ಟವರೇ ಸಂಕೋಚಕ್ಕೆ ‘ಇರಲಿ ಬಿಡಿ, ನಿಧಾನಕ್ಕೆ ಕೊಡಿ’ ಎಂದುಬಿಟ್ಟಿರುತ್ತಾರೆ. ನೀವು ಹಾಗೆ ಎಷ್ಟು ಸಲ ಹೇಳಿದ್ದೀರಿ ಎಂದು ನೆನಪು ಮಾಡಿಕೊಳ್ಳಿ. ಹೇಳಿದ್ದರೆ, ಹೊಸ ಮೆಸೇಜಿನಲ್ಲಿ ಅದನ್ನು ಒಪ್ಪಿಕೊಂಡೇ ಶುರು ಮಾಡಬೇಕು. ‘ನಿಧಾನಕ್ಕೆ ಕೊಡಿ ಅಂತ ನಾನೇ ಹೇಳಿದ್ದೆ, ಈಗ ಒಂದು ದಿನ ಗೊತ್ತು ಮಾಡಿಕೊಳ್ಳೋಣ’ ಎಂದರೆ ಸಾಕು. ಅದನ್ನು ಬಿಟ್ಟು ಏಕಾಏಕಿ ‘ಎಷ್ಟು ದಿನ ಆಯ್ತು’ ಎಂದರೆ ಅವರಿಗೆ ನೋವಾಗುತ್ತದೆ, ಅದು ನ್ಯಾಯವೂ ಅಲ್ಲ.

ಬರೆಯುವ ಮೊದಲು ಲೆಕ್ಕ

ಎರಡನೇ ಸಲ ಬರೆಯುವ ಮೊದಲು ನಾನು ಒಂದು ಸಂಜೆ ಕೂತು ಲೆಕ್ಕ ತೆಗೆದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿದೆ. 2023ರ ಜೂನ್ 12ಕ್ಕೆ 1,00,000, ಮಾರನೇ ದಿನ ಯುಪಿಐನಲ್ಲಿ 20,000 ಹೋಗಿತ್ತು. 2024ರ ಜನವರಿ 18ಕ್ಕೆ ಭಾವನಿಂದ 30,000 ವಾಪಸ್ ಬಂದಿತ್ತು. ವಾಟ್ಸಾಪಿನಲ್ಲಿ ಭಾವನ ಜೊತೆಗಿನ ಹಳೆಯ ಮಾತುಗಳಲ್ಲಿ ‘ಯುಗಾದಿ’ ಎಂದು ಹುಡುಕಿದೆ. ‘ಯುಗಾದಿ ಹೊತ್ತಿಗೆ ಕ್ಲಿಯರ್ ಮಾಡ್ತೀನಿ ಕಣಯ್ಯ’ ಎಂದು ಅವರು ಬರೆದಿದ್ದು ಸಿಕ್ಕಿತು. ನನ್ನ ಪ್ರಕಾರ ಬಾಕಿ 90,000.

ಆಮೇಲೆ ಒಂದು ನೆನಪಾಯಿತು. ಅಪ್ಪನ ತಿಥಿಯ ದಿನ ಅಡುಗೆಯವರಿಗೆ ಕೊಡಲು ನನ್ನ ಹತ್ತಿರ ನಗದು ಇರಲಿಲ್ಲ. ಭಾವ ಜೇಬಿನಿಂದ 5,000 ಕೊಟ್ಟಿದ್ದರು. ನಾನು ಅದನ್ನು ವಾಪಸ್ ಕೊಟ್ಟಿರಲೇ ಇಲ್ಲ. ಹಾಗಾಗಿ ನಿಜವಾದ ಬಾಕಿ 85,000.

ಈ ಹೆಜ್ಜೆಯನ್ನು ಬಿಡಬೇಡಿ. ನೆಂಟರ ನಡುವೆ ಹಣ ಎರಡೂ ಕಡೆ ಓಡಾಡಿರುತ್ತದೆ. ಅವರು ನಮ್ಮ ಪರವಾಗಿ ಖರ್ಚು ಮಾಡಿದ್ದು ನಮಗೆ ಮರೆತಿರುತ್ತದೆ, ಅವರಿಗೆ ಚೆನ್ನಾಗಿ ನೆನಪಿರುತ್ತದೆ. ನಾನು 90,000 ಎಂದು ಕಳಿಸಿದ್ದರೆ ಮಾತೆಲ್ಲ ಆ 5,000ದ ಸುತ್ತಲೇ ತಿರುಗುತ್ತಿತ್ತು. ಉಳಿದ 85,000 ಮೂಲೆಗೆ ಹೋಗುತ್ತಿತ್ತು. ಹಾಗಂತ ಎಲ್ಲವನ್ನೂ ಕಳೆಯಬೇಕಿಲ್ಲ. ಮದುವೆ, ಗೃಹಪ್ರವೇಶಗಳಲ್ಲಿ ಅವರು ಹಾಕಿದ ಮುಯ್ಯಿ, ಮಕ್ಕಳ ಕೈಗಿಟ್ಟ ಹಣ, ಅಕ್ಕ ತಂದ ಸೀರೆ, ಇವು ಸಾಲದ ಲೆಕ್ಕಕ್ಕೆ ಸೇರುವುದಿಲ್ಲ. ಅವಕ್ಕೆ ಬೇರೆ ದಾರಿ ಇದೆ, ಅಲ್ವಾ? ನಮ್ಮ ಬದಲು ಅವರು ಕೊಟ್ಟ ಹಣ ಮಾತ್ರ ಲೆಕ್ಕಕ್ಕೆ ಬರಬೇಕು.

ಇನ್ನೊಂದು ವಿಷಯವನ್ನೂ ಆಗಲೇ ತೀರ್ಮಾನ ಮಾಡಿಕೊಳ್ಳಿ. ಒಟ್ಟಿಗೇ ಬೇಕಾ, ಕಂತಿನಲ್ಲಿ ಬಂದರೆ ಆಗುತ್ತಾ? ಕಂತಾದರೆ ತಿಂಗಳಿಗೆ ಕಡಿಮೆ ಎಂದರೆ ಎಷ್ಟು? ನಾನು 8,000ಕ್ಕಿಂತ ಕಡಿಮೆ ಬೇಡ ಎಂದುಕೊಂಡೆ. ಇದನ್ನು ಮೊದಲೇ ಯೋಚಿಸದಿದ್ದರೆ, ಅವರು ‘ತಿಂಗಳಿಗೆ ಎರಡು ಸಾವಿರ ಕೊಡ್ಲಾ’ ಎಂದ ತಕ್ಷಣ ದಾಕ್ಷಿಣ್ಯಕ್ಕೆ ಹೂಂ ಅಂದುಬಿಡುತ್ತೇವೆ.

ಬಡ್ಡಿಯ ಮಾತು ಕೊಡುವಾಗ ಆಗಿರದಿದ್ದರೆ ಈಗ ಎತ್ತಬೇಡಿ.

ಯಾವ ದಿನ ಕಳಿಸಬೇಕು

ಮೆಸೇಜು ತಲುಪುವ ಹೊತ್ತಿಗೆ ಅವರ ಕೈಯಲ್ಲಿ ಹಣ ಇರಬೇಕು, ಅಥವಾ ಬರುವ ದಿನ ಹತ್ತಿರ ಇರಬೇಕು. ಸಂಬಳದವರಿಗೆ ತಿಂಗಳ ಮೊದಲ ವಾರ ಸರಿ. 25ನೇ ತಾರೀಕು ಕೇಳಿದರೆ ಇಲ್ಲ ಎನ್ನದೆ ಬೇರೆ ದಾರಿ ಇರುವುದಿಲ್ಲ. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆಯ ದಿನ ಗೊತ್ತಿರುತ್ತದೆ. ಅವರಿಗೆ ಸಣ್ಣ ಸಣ್ಣ ಕಂತು ಸುಲಭ, ಒಟ್ಟು ಮೊತ್ತ ಕಷ್ಟ. ಅಡಿಕೆಯವರಿಗೆ ಕೊಯ್ಲು ಮುಗಿದ ಕೂಡಲೇ ಹಣ ಬರುವುದಿಲ್ಲ. ಚಾಲಿ ಮಾಡುವವರಾದರೆ ಒಣಗಿಸಲೇ ಒಂದೂವರೆ ತಿಂಗಳು ಬೇಕು, ಆಮೇಲೆ ಸುಲಿಯಬೇಕು, ಆಮೇಲೆ ಮಂಡಿ. ಕಬ್ಬಿನವರಿಗೆ ಕಾರ್ಖಾನೆಯ ಬಿಲ್ ಆಗಬೇಕು. ಅಂಗಡಿಯವರ ಲೆಕ್ಕ ಇನ್ನೂ ಬೇರೆ. ಭಾವನಿಗೆ ಕಾಂಟ್ರಾಕ್ಟರುಗಳಿಂದ ಬರುವ ಹಣ ತಿಂಗಳ 10ನೇ ತಾರೀಕಿನ ಆಚೀಚೆ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಹಬ್ಬವನ್ನೂ ನೋಡಬೇಕು. 2024ರಲ್ಲಿ ಗೌರಿ ಹಬ್ಬ ಸೆಪ್ಟೆಂಬರ್ 6ಕ್ಕೆ ಬಿತ್ತು. ತವರಿನಿಂದ ಅಕ್ಕನಿಗೆ ಬಾಗಿನದ ಹಣ ಕಳಿಸುವ ವಾರದಲ್ಲೇ ಅವಳ ಗಂಡನಿಗೆ ಸಾಲ ನೆನಪಿಸುವುದು ಸರಿ ಹೋಗುವುದಿಲ್ಲ. ಬಾಗಿನವನ್ನು ಯಾವತ್ತಿನಂತೆ, ಯಾವತ್ತಿನಷ್ಟೇ ಕಳಿಸಿದೆ. ಅದನ್ನು ಕಡಿಮೆ ಮಾಡಿದ್ದರೆ ಮೆಸೇಜಿಗಿಂತ ಮೊದಲೇ ಸುದ್ದಿ ಮುಟ್ಟುತ್ತಿತ್ತು, ಅದೂ ಅಕ್ಕನ ಮೂಲಕ. ಹಬ್ಬ, ಗಣಪತಿ ಬಿಡುವುದು ಎಲ್ಲ ಮುಗಿದ ಮೇಲೆ ಸೆಪ್ಟೆಂಬರ್ 11ರ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಕಳಿಸಿದೆ. ಮಂಗಳವಾರ, ಶುಕ್ರವಾರ ಮನೆಯಿಂದ ಹಣ ಆಚೆ ಕೊಡಬಾರದು, ಸಂಜೆ ದೀಪ ಹಚ್ಚಿದ ಮೇಲೆ ಕೊಡಬಾರದು ಎಂಬ ನಂಬಿಕೆ ಭಾವನ ಮನೆಯಲ್ಲಿ ಗಟ್ಟಿಯಾಗಿದೆ. ನಾವು ನಂಬುತ್ತೇವೋ ಇಲ್ಲವೋ, ಅವರ ಮನೆಯ ಪದ್ಧತಿಗೆ ಹೊಂದುವ ದಿನ ಕೇಳಿದರೆ ಒಂದು ನೆಪ ಕಡಿಮೆಯಾಗುತ್ತದೆ.

ಕಳಿಸುವುದು ಸಾಲ ತಗೊಂಡವರಿಗೆ ಮಾತ್ರ. ಫ್ಯಾಮಿಲಿ ಗ್ರೂಪಿನಲ್ಲಂತೂ ಬೇಡವೇ ಬೇಡ. ಅಕ್ಕನಿಗೆ ಹೇಳಿ ಕೇಳಿಸುವುದೂ ಬೇಡ. ಅವಳು ಎರಡು ಮನೆಯ ನಡುವೆ ನಿಂತು ಇಬ್ಬರ ಮಾತನ್ನೂ ಕೇಳಬೇಕಾಗುತ್ತದೆ. ಅವಳು ತಗೊಂಡ ಸಾಲ ಅಲ್ಲ ಅದು.

ಮೆಸೇಜು

ಎರಡನೇ ಮೆಸೇಜು ಹೀಗಿತ್ತು:

‘ಭಾವ, ನಮಸ್ಕಾರ. ಹಬ್ಬ ಚೆನ್ನಾಗಿ ಆಯ್ತು ಅಂತ ಅಕ್ಕ ಫೋನಿನಲ್ಲಿ ಹೇಳಿದಳು, ಖುಷಿ ಆಯ್ತು.

ಹೋದ ವರ್ಷ ಜೂನ್‌ನಲ್ಲಿ ಅಂಗಡಿ ಅಡ್ವಾನ್ಸಿಗೆ ಅಂತ ಕಳಿಸಿದ್ದ 1,20,000 ರೂಪಾಯಿ ಸಾಲದ ಬಗ್ಗೆ ಬರೆಯುತ್ತಿದ್ದೇನೆ. ಜನವರಿಯಲ್ಲಿ 30,000 ಬಂದಿದೆ. ಅಪ್ಪನ ತಿಥಿಗೆ ಅಡುಗೆಯವರಿಗೆ ನೀವು ಕೊಟ್ಟ 5,000 ಕಳೆದರೆ ಇನ್ನು 85,000 ಬಾಕಿ ಇದೆ. ಯುಗಾದಿಗೆ ಮುಗಿಸೋಣ ಅಂತ ಮಾತಾಗಿತ್ತು. ನಡುವೆ ನಾನೇ ಅರ್ಜೆಂಟ್ ಇಲ್ಲ ಅಂದಿದ್ದೆ. ಈಗ ಯುಗಾದಿ ಕಳೆದು ಐದು ತಿಂಗಳಾಯಿತು.

ಈ ಸಲದ ಮಳೆಗೆ ನಮ್ಮ ಮನೆ ತಾರಸಿ ಸೋರುತ್ತಿದೆ. ಮಳೆ ನಿಂತ ಮೇಲೆ ಕೆಲಸ ಹಿಡಿಸಬೇಕು, ಅದಕ್ಕೆ ಈ ಹಣ ಬೇಕಾಗಿದೆ.

ಒಂದೇ ಸಲ ಕಷ್ಟ ಆದರೆ ತಿಂಗಳ ಕಂತಿನಲ್ಲಿ ಆದರೂ ಸರಿ. ಯಾವ ತಾರೀಕಿನಿಂದ, ತಿಂಗಳಿಗೆ ಎಷ್ಟು ಅಂತ ಭಾನುವಾರದೊಳಗೆ ತಿಳಿಸಿ ಭಾವ. ಲೆಕ್ಕದಲ್ಲಿ ನಾನು ಏನಾದರೂ ಮರೆತಿದ್ದರೆ ಹೇಳಿ. ಈ ವಿಷಯ ಮನೆಯಲ್ಲಿ ಬೇರೆ ಯಾರ ಹತ್ತಿರವೂ ಎತ್ತಿಲ್ಲ.’

ಇದರಲ್ಲಿ ಕೆಲವು ಮಾತುಗಳನ್ನು ತುಂಬಾ ಯೋಚಿಸಿ ಇಟ್ಟೆ. ನಮ್ಮ ಭಾಷೆಯಲ್ಲಿ ಒಂದು ಅನುಕೂಲ ಇದೆ. ಯಾರು ಮಾಡಿದರು ಎಂದು ಹೇಳದೆಯೇ ಆದದ್ದನ್ನು ಹೇಳಬಹುದು. ‘ನೀವು ಇನ್ನೂ 85,000 ಕೊಟ್ಟಿಲ್ಲ’ ಎಂದರೆ ಬೆರಳು ತೋರಿಸಿದ ಹಾಗೆ. ‘85,000 ಬಾಕಿ ಇದೆ’ ಎಂದರೆ ಲೆಕ್ಕ ಹೇಳಿದ ಹಾಗೆ. ‘ಕೊಡ್ತೀನಿ ಅಂದಿದ್ರಿ’ ಎಂದರೆ ಮಾತು ತಪ್ಪಿದಿರಿ ಎಂದು ಕೇಳಿಸುತ್ತದೆ. ‘ಅಂತ ಮಾತಾಗಿತ್ತು’ ಎಂದರೆ ಇಬ್ಬರೂ ಸೇರಿ ಆಡಿದ ಮಾತಾಗುತ್ತದೆ. ‘ನನ್ನ ಹಣ ವಾಪಸ್ ಕೊಡಿ’ ಎನ್ನುವ ಬದಲು ‘ಈ ಹಣ ಬೇಕಾಗಿದೆ’ ಎಂದೆ. ಅರ್ಥದಲ್ಲಿ ಒಂದಿಷ್ಟೂ ಸಡಿಲ ಇಲ್ಲ, ಆದರೆ ಚುಚ್ಚುವುದಿಲ್ಲ. ದಿನ, ಮೊತ್ತ, ವಾಯಿದೆ ಹೇಳುವ ಕಡೆಯಲ್ಲೆಲ್ಲ ‘ನೀವು’ ಬೇಡ. ನನ್ನ ಮೆಸೇಜಿನ ಲೆಕ್ಕದಲ್ಲಿ ‘ನೀವು’ ಬಂದಿರುವುದು ಒಂದೇ ಕಡೆ, ಅವರು ಹಣ ಕೊಟ್ಟ ಕಡೆ.

ಇನ್ನು ಪ್ರಶ್ನೆ. ‘ಈ ತಿಂಗಳು ಕೊಡೋಕಾಗುತ್ತಾ?’ ಎಂದು ಕೇಳಿದರೆ ಉತ್ತರ ‘ನೋಡೋಣ’. ‘ಸ್ವಲ್ಪ ಬೇಗ ಕೊಡಿ’ ಎಂದರೆ ಉತ್ತರ ‘ಆಯ್ತು’. ಎರಡರಲ್ಲೂ ನಮಗೆ ಏನೂ ತಿಳಿಯುವುದಿಲ್ಲ. ‘ಯಾವ ತಾರೀಕಿನಿಂದ, ತಿಂಗಳಿಗೆ ಎಷ್ಟು’ ಎಂಬ ಪ್ರಶ್ನೆಗೆ ತಾರೀಕು ಮತ್ತು ಮೊತ್ತವನ್ನೇ ಹೇಳಬೇಕು. ಮೆಸೇಜಿನಲ್ಲಿ ಇಂಥ ಪ್ರಶ್ನೆ ಒಂದೇ ಇರಲಿ. ಉತ್ತರ ಯಾವತ್ತಿನೊಳಗೆ ಬೇಕು ಎಂಬುದೂ ಇರಲಿ. ನಾಲ್ಕೈದು ದಿನ ಸಾಕು.

ತಾರಸಿ ಸೋರುತ್ತಿದ್ದದ್ದು ನಿಜ. ಹಣ ಯಾಕೆ ಬೇಕು ಎಂದು ಹೇಳಿದರೆ ಕೇಳಿಸಿಕೊಳ್ಳುವವರಿಗೆ ಹಗುರ. ಆದರೆ ಇಲ್ಲದ ಕಷ್ಟವನ್ನು ಹುಟ್ಟಿಸಬೇಡಿ. ನೆಂಟರಲ್ಲಿ ಸುದ್ದಿ ನಿಲ್ಲುವುದಿಲ್ಲ. ಆಸ್ಪತ್ರೆ ಖರ್ಚು ಎಂದು ಬರೆದು ಮುಂದಿನ ವಾರ ಹೊಸ ಸ್ಕೂಟರ್ ತಂದರೆ, ಮುಂದೆ ನೀವು ನಿಜ ಹೇಳಿದರೂ ನಂಬುವುದಿಲ್ಲ. ಕಾರಣ ಇಲ್ಲದಿದ್ದರೆ ಕಾರಣ ಹೇಳದೆಯೇ ಕೇಳಬಹುದು. ವಾಯಿದೆ ಮುಗಿದಿದೆ, ಅದೇ ಸಾಕು.

ತಪ್ಪು ತಿಳೀಬೇಡಿ, ಕ್ಷಮಿಸಿ, ಕೇಳೋಕೆ ನಾಚಿಕೆ ಆಗುತ್ತೆ ಎಂಬ ಮಾತುಗಳನ್ನು ನಾನು ತೆಗೆದೆ. ಅವು ಇದ್ದರೆ ಕೇಳುವುದೇ ತಪ್ಪು ಎಂದು ನಾವೇ ಒಪ್ಪಿಕೊಂಡ ಹಾಗೆ. ನಗುವ ಮುಖದ ಎಮೋಜಿಯನ್ನೂ ಹಾಕಲಿಲ್ಲ. ‘ಏನ್ ಭಾವ, ಮರೆತೇಬಿಟ್ರಾ’ ಎಂಬ ತಮಾಷೆಯ ಧಾಟಿ ಸುಲಭ ಅನಿಸುತ್ತದೆ. ಅವರೂ ತಮಾಷೆಯಲ್ಲೇ ಉತ್ತರಿಸಿದರೆ ಆಮೇಲೆ ಗಂಭೀರವಾಗಿ ಕೇಳಲು ದಾರಿ ಇರುವುದಿಲ್ಲ.

ಸಂಬಂಧ ಬೇರೆಯಾದರೆ ಮಾತಿನ ಧಾಟಿ ಬದಲಾಗುತ್ತದೆ, ಒಳಗಿನ ವಿಷಯ ಅದೇ. ತಮ್ಮನಿಗೆ ಉದ್ದ ಬೇಡ: ‘ಲೋ, ಬೈಕಿಗೆ ಅಂತ ಕೊಟ್ಟಿದ್ದ 40,000ದಲ್ಲಿ ಇನ್ನು 25,000 ಬಾಕಿ ಇದೆ ಕಣೋ. ದೀಪಾವಳಿಗೆ ಅಂತ ಮಾತಾಗಿತ್ತು. ಈ ತಿಂಗಳ ಸಂಬಳದಿಂದ ಶುರು ಮಾಡು. ತಿಂಗಳಿಗೆ ಎಷ್ಟು ಹಾಕ್ತೀಯಾ ಅಂತ ಇವತ್ತು ರಾತ್ರಿ ಹೇಳು.’ ಇದನ್ನೇ ತಮ್ಮನಿಗೆ ‘ದಯವಿಟ್ಟು ತಿಳಿಸಿ’ ಎಂದು ಬರೆದರೆ, ಅಣ್ಣ ಸಿಟ್ಟಾಗಿದ್ದಾನೆ ಎಂದೇ ಅವನು ತಿಳಿಯುತ್ತಾನೆ. ವಯಸ್ಸಾದ ಚಿಕ್ಕಪ್ಪನಿಗೋ ಸೋದರಮಾವನಿಗೋ ಆದರೆ ಮೊದಲು ಮನೆಗೆ ಹೋಗಿ, ಇಲ್ಲವೇ ಫೋನ್ ಮಾಡಿ ಮಾತಾಡಿ. ಬರೀ ಮೆಸೇಜು ಬಂದರೆ ಹಿರಿಯರಿಗೆ ನೋಟಿಸ್ ಬಂದ ಹಾಗೆ ಅನಿಸುತ್ತದೆ. ಮಾತಾದ ಮೇಲೆ ಎರಡು ಸಾಲು ಕಳಿಸಿ: ‘ಚಿಕ್ಕಪ್ಪ, ಬೆಳಿಗ್ಗೆ ಮಾತಾಡಿದ ಹಾಗೆ ಬಾಕಿ 50,000, ಮಾರ್ಚ್ 20ರೊಳಗೆ. ನೆನಪಿಗೆ ಇರಲಿ ಅಂತ ಬರೆದಿದ್ದೇನೆ.’ ವಾಯ್ಸ್ ಮೆಸೇಜು ಬೇಡ. ಅದರಲ್ಲಿ ಅಂಕಿಗಳು ನಿಲ್ಲುವುದಿಲ್ಲ, ಆರು ತಿಂಗಳಾದ ಮೇಲೆ ಹುಡುಕಿದರೆ ಸಿಗುವುದೂ ಇಲ್ಲ.

ಉತ್ತರ ಬಂದ ಮೇಲೆ

ಕಳಿಸಿದ ಅರ್ಧ ಗಂಟೆಯಲ್ಲಿ ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ನಾನು ಸುಮ್ಮನಿದ್ದೆ. ಓದಿದ್ದಾರೆ, ಯೋಚಿಸುತ್ತಿದ್ದಾರೆ. ಹಣ ಹೊಂದಿಸಲು ದಿನ ಬೇಕು. ಈ ನಡುವೆ ಮತ್ತೆ ಮೆಸೇಜು ಹಾಕಿದರೆ ಮೊದಲನೆಯದರ ತೂಕ ಹೋಗುತ್ತದೆ.

ಭಾನುವಾರ ರಾತ್ರಿ ಒಂದು ಸಾಲು ಬಂತು: ‘ನೋಡೋಣ, ದಸರಾ ಕಳೀಲಿ.’

ಹೋದ ಸಲ ನಾನು ಸೋತದ್ದು ಇದೇ ಜಾಗದಲ್ಲಿ. ಈ ಸಲ ಅವರು ಹೇಳಿದ ಹಬ್ಬವನ್ನೇ ತಾರೀಕು ಮಾಡಿದೆ. ‘ಆಗಲಿ ಭಾವ. ವಿಜಯದಶಮಿ ಅಕ್ಟೋಬರ್ 12ಕ್ಕೆ ಇದೆ. ಅಕ್ಟೋಬರ್ 15ಕ್ಕೆ ಮೊದಲ ಕಂತು ಅಂತ ಬರೆದುಕೊಳ್ಳಲಾ? ತಿಂಗಳಿಗೆ 10,000 ಆದರೆ ಎಂಟು ತಿಂಗಳು, ಒಂಬತ್ತನೇ ತಿಂಗಳು 5,000. ಜೂನ್‌ಗೆ ಮುಗಿಯುತ್ತದೆ. ನಿಮಗೆ ಬೇರೆ ತಾರೀಕು ಅನುಕೂಲ ಆದರೆ ಅದೇ ಆಗಲಿ.’ ಮಾರನೇ ದಿನ ಬೆಳಿಗ್ಗೆ ‘ಓಕೆ, 15’ ಎಂದು ಬಂತು.

ಆ ಒಂದು ಪದ, ಒಂದು ಅಂಕಿ ಬಂದಾಗ ನನಗೆ ಎಷ್ಟು ಹಗುರವಾಯಿತು ಎಂದರೆ, ಅವತ್ತೇ ಅಕ್ಕನಿಗೆ ಫೋನ್ ಮಾಡಿ ಬೇರೆ ಏನೇನೋ ಮಾತಾಡಿದೆ.

ಎಲ್ಲರಿಗೂ ಹೀಗೇ ಉತ್ತರ ಬರುವುದಿಲ್ಲ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಸಿಟ್ಟು ಬರಬಹುದು. ಆಗ ವಾದ ಬೇಡ, ಹಿಂದೆ ಸರಿಯುವುದೂ ಬೇಡ. ‘ನಂಬಿಕೆ ಇದ್ದಿದ್ದಕ್ಕೇ ಒಂದು ಚೀಟಿ ಕೂಡ ಬರೆಸದೆ ಕೊಟ್ಟೆ. ಈಗ ಕೇಳುತ್ತಿರುವುದು ಒಂದು ತಾರೀಕು ಅಷ್ಟೇ’ ಎಂದು ಬರೆದು ನಿಲ್ಲಿಸಿ. ಸಿಟ್ಟು ಇಳಿಯಲು ಎರಡು ದಿನ ಬಿಡಿ.

ನಿಜವಾಗಿಯೂ ಕಷ್ಟದಲ್ಲಿದ್ದೇವೆ ಎನ್ನಬಹುದು. ಕೆಲಸ ಹೋಗಿರಬಹುದು, ಬೆಳೆ ಕೈಕೊಟ್ಟಿರಬಹುದು. ಅದು ನಿಮಗೂ ಗೊತ್ತಿದ್ದರೆ ಬಿಡುವು ಕೊಡಿ, ಆದರೆ ಬಿಡುವಿಗೂ ಒಂದು ಕೊನೆ ಇರಲಿ. ‘ಮೂರು ತಿಂಗಳು ಈ ಮಾತು ಎತ್ತುವುದಿಲ್ಲ. ಸಂಕ್ರಾಂತಿ ಆದ ಮೇಲೆ ಜನವರಿ 20ಕ್ಕೆ ಕೂತು ಮಾತಾಡೋಣ.’ ಹೀಗೆ ಹೇಳಿದ ಮೇಲೆ ಮೂರು ತಿಂಗಳು ನಿಜವಾಗಿಯೂ ಎತ್ತಬಾರದು.

ಉತ್ತರವೇ ಬರದಿದ್ದರೆ, ಹೇಳಿದ ದಿನ ಕಳೆದ ಮೇಲೆ ಫೋನ್ ಮಾಡಿ. ಎತ್ತಲಿಲ್ಲವೆಂದರೆ ವಾರ ಬಿಟ್ಟು ಎರಡು ಸಾಲು ಸಾಕು: ‘11ನೇ ತಾರೀಕಿನ ಮೆಸೇಜಿಗೆ ಉತ್ತರ ಕಾಯುತ್ತಿದ್ದೇನೆ ಭಾವ. ಈ ಭಾನುವಾರ ಊರಿಗೆ ಬರುತ್ತೇನೆ, ಅಂಗಡಿಯಲ್ಲಿ ಸಿಗುತ್ತೇನೆ.’ ಅಂಗಡಿ ಎಂದು ಬರೆಯುವುದಕ್ಕೆ ಕಾರಣ ಇದೆ. ಮನೆಗೆ ಹೋದರೆ ಅಕ್ಕ, ಮಕ್ಕಳ ಎದುರು ಈ ಮಾತಾಗುತ್ತದೆ.

ಕಂತು ನಡೆಯುವಾಗ

ಅಕ್ಟೋಬರ್ 15 ಮಂಗಳವಾರ. ಭಾವ 14ರ ಸೋಮವಾರವೇ 10,000 ಹಾಕಿದರು. ನಾನು ‘ಬಂತು ಭಾವ, ಥ್ಯಾಂಕ್ಸ್. ಇನ್ನು 75,000’ ಎಂದು ಬರೆದೆ. ಪ್ರತಿ ತಿಂಗಳೂ ಹೀಗೆ ಬಾಕಿಯ ಅಂಕಿ ಬರೆಯುತ್ತಾ ಹೋದೆ. ಇಬ್ಬರ ಫೋನಿನಲ್ಲೂ ಒಂದೇ ಲೆಕ್ಕ ಇರುತ್ತದೆ. ಯುಪಿಐನಲ್ಲಿ ಕಳಿಸುವಾಗ ಟಿಪ್ಪಣಿ ಜಾಗದಲ್ಲಿ ‘ಕೈಸಾಲ ಕಂತು’ ಎಂದು ಹಾಕಲು ಹೇಳಿದೆ. ಬ್ಯಾಂಕಿನ ಲೆಕ್ಕದಲ್ಲಿ ಅದು ಯಾವ ಹಣ ಎಂದು ಮುಂದೆ ಗೊತ್ತಾಗಬೇಕು.

ಒಂದು ಸಲ ಭಾವ ‘ಬಂದಾಗ ಕ್ಯಾಶ್ ಕೊಡ್ಲಾ’ ಎಂದು ಕೇಳಿದರು. ಬೇಡ, ಅಕೌಂಟಿಗೇ ಹಾಕಿ ಎಂದೆ. ಆದಾಯ ತೆರಿಗೆ ಕಾನೂನಿನಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮೊತ್ತದ ಸಾಲವನ್ನು ನಗದಾಗಿ ತಗೊಳ್ಳುವುದಕ್ಕೂ ವಾಪಸ್ ಮಾಡುವುದಕ್ಕೂ ತಡೆ ಇದೆ. ಸಿಕ್ಕಿಬಿದ್ದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನೆಂಟರ ನಡುವೆ ಇದು ಯಾರಿಗೂ ನೆನಪಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಗದು ಕೊಟ್ಟದ್ದು ಒಬ್ಬರಿಗೆ ನೆನಪಿದ್ದು ಇನ್ನೊಬ್ಬರಿಗೆ ಮರೆತರೆ ಹೊಸ ಜಗಳ.

ಫೆಬ್ರವರಿ ಕಂತು ತಪ್ಪಿತು. 15 ಶನಿವಾರ ಆಗಿತ್ತು. ನಾಲ್ಕು ದಿನ ಬಿಟ್ಟು ಬುಧವಾರ ಬರೆದೆ: ‘ಭಾವ, ಈ ತಿಂಗಳ ಕಂತು ಬಂದಿಲ್ಲ. ಯಾವತ್ತು ಹಾಕುತ್ತೀರಿ?’ ಹಳೆಯ ಕತೆ ತೆಗೆಯಲಿಲ್ಲ. ಪಾರ್ಟಿಯಿಂದ ಹಣ ಬಂದಿಲ್ಲ, ಸೋಮವಾರ ಹಾಕುತ್ತೇನೆ ಎಂದರು. ಹಾಕಿದರು. ಒಂದು ತಿಂಗಳು ತಪ್ಪಿದಾಗ ನಾವು ಸುಮ್ಮನಿದ್ದುಬಿಟ್ಟರೆ, ಮುಂದಿನ ತಿಂಗಳು ಎರಡು ಕಂತಿನ ಭಾರ ಬೀಳುತ್ತದೆ. ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಬೇಗ ಕೇಳುವುದೇ ಅವರಿಗೂ ಒಳ್ಳೆಯದು.

ಒಂದು ವಿಷಯಕ್ಕೆ ಮಾತ್ರ ದಾಕ್ಷಿಣ್ಯ ನೋಡಬೇಡಿ. ಕೈಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಕಾನೂನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ವಾಪಸಾತಿಯ ದಿನ ಗೊತ್ತು ಮಾಡದೇ ಇದ್ದರೆ ಕೊಟ್ಟ ದಿನದಿಂದಲೇ ಅದರ ಎಣಿಕೆ. ನನ್ನ ವಿಷಯದಲ್ಲಿ ಕೊಟ್ಟ ದಿನದಿಂದ ಎಣಿಸಿದರೂ 2026ರ ಜೂನ್‌ವರೆಗೆ ಸಮಯ ಇತ್ತು. ನಿಮ್ಮದು ದೊಡ್ಡ ಮೊತ್ತ, ಎರಡೂವರೆ ವರ್ಷ ಕಳೆದಿದೆ, ಉತ್ತರ ಮಾತ್ರ ‘ನೋಡೋಣ’ ಎಂದಿದ್ದರೆ ಒಂದು ಕಾಗದ ಬರೆಸಿಕೊಳ್ಳಿ. ‘ಇಂಥ ದಿನ ಇಷ್ಟು ಸಾಲ ಪಡೆದಿದ್ದೇನೆ, ಇಷ್ಟು ಬಾಕಿ ಇದೆ’ ಎಂದು ಅವರು ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ಮೂರು ವರ್ಷ ಮುಗಿಯುವ ಮೊದಲೇ ಇಂಥ ಸಹಿ ಆದರೆ ಅವತ್ತಿನಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ವಾಟ್ಸಾಪ್ ಮಾತಿನ ಮೇಲೆ ಮಾತ್ರ ನಿಲ್ಲಬೇಡಿ, ಕಾಗದದ ಮೇಲಿನ ಸಹಿಯೇ ಗಟ್ಟಿ. ಕೇಳುವಾಗ ಹೀಗೆನ್ನಬಹುದು: ‘ನನಗೋ ನಿಮಗೋ ನಾಳೆ ಏನಾದರೂ ಆದರೆ ಮಕ್ಕಳಿಗೆ ಲೆಕ್ಕ ಗೊತ್ತಿರಬೇಕಲ್ಲ.’ ಇದು ನೆಪವಲ್ಲ, ನಿಜವೇ. ಲಕ್ಷಗಳ ವ್ಯವಹಾರವಾದರೆ ಒಮ್ಮೆ ವಕೀಲರನ್ನು ಕಂಡು ಬನ್ನಿ.

2025ರ ಜೂನ್ 15 ಭಾನುವಾರ. ಬೆಳಿಗ್ಗೆ ಕೊನೆಯ 5,000 ಬಂತು. ಈ ಮೆಸೇಜನ್ನೂ ಬರೆಯುವುದು ನಮ್ಮ ಕೆಲಸವೇ. ಸಾಲ ತೀರಿಸಿದವರು ತಾವಾಗಿ ‘ಮುಗೀತಲ್ಲ?’ ಎಂದು ಕೇಳುವ ಹಾಗೆ ಮಾಡಬಾರದು. ಕಾಗದ ಬರೆಸಿಕೊಂಡಿದ್ದರೆ ಅವತ್ತೇ ‘ಪೂರ್ತಿ ಬಂದಿದೆ’ ಎಂದು ಬರೆದು ಸಹಿ ಹಾಕಿ ಅವರ ಕೈಗೆ ಕೊಡಬೇಕು. ನಮ್ಮಲ್ಲಿ ಕಾಗದ ಇರಲಿಲ್ಲ, ಹಾಗಾಗಿ ಇಷ್ಟು ಬರೆದೆ:

‘ಭಾವ, 5,000 ಬಂತು. 1,20,000ದ ಲೆಕ್ಕ ಇವತ್ತಿಗೆ ಪೂರ್ತಿ ಮುಗಿಯಿತು, ಇನ್ನು ಏನೂ ಬಾಕಿ ಇಲ್ಲ. ತಾರಸಿ ಕೆಲಸ ಆಗಿದೆ, ಈ ಮಳೆಗೆ ಒಂದು ಹನಿಯೂ ಬಿದ್ದಿಲ್ಲ. ಅಕ್ಕನನ್ನೂ ಮಕ್ಕಳನ್ನೂ ಕರಕೊಂಡು ಬಂದು ನಾಲ್ಕು ದಿನ ಇದ್ದು ಹೋಗಿ.’